ನಷ್ಟದ ಶೇರು ಮಾರುವ ಮುಂಚೆ ಖರೀದಿ ತಾರೀಖು ನೋಡಿ

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಸಂಬಳದ ಕೆಲಸದಲ್ಲಿದ್ದೇನೆ. ಈ ವರ್ಷ ಕೆಲವು ಶೇರು ತಗೊಂಡು ಕೆಲವೇ ತಿಂಗಳಲ್ಲಿ ಮಾರಿ ₹1,40,000 ಲಾಭ ಬಂತು. ಹಳೇ ಮ್ಯೂಚುವಲ್ ಫಂಡ್ ತೆಗೆದಿದ್ದರಿಂದ ₹1,10,000 ಲಾಂಗ್ ಟರ್ಮ್ ಲಾಭವೂ ಇದೆ. ಈಗ ಹೋಲ್ಡಿಂಗ್‌ನಲ್ಲಿ ಒಂದು ಬ್ಯಾಂಕ್ ಶೇರು, ಒಂದು ಕೆಮಿಕಲ್ ಶೇರು, ಒಂದು ಐಟಿ ಶೇರು ಕೆಂಪಲ್ಲಿವೆ. ಮೂರೂ ಸೇರಿ ₹1,45,000 ನಷ್ಟ ತೋರಿಸುತ್ತಿದೆ. ಮಾರ್ಚ್ 31ರೊಳಗೆ ಇವನ್ನು ಮಾರಿದರೆ ಲಾಭದ ಟ್ಯಾಕ್ಸ್ ಪೂರ್ತಿ ಹೋಗುತ್ತೆ ಅಂತ ಗೆಳೆಯ ಹೇಳಿದ. ಹೌದಾ ಸರ್? ಮಾರಿ ಅದೇ ದಿನ ವಾಪಸ್ ತಗೊಳ್ಳಬಹುದಾ? ಸ್ಟೇಟ್‌ಮೆಂಟ್ ಮತ್ತು ಟ್ರೇಡ್‌ಬುಕ್ ಕಳಿಸಿದ್ದೇನೆ.

ಉತ್ತರ: ಟ್ಯಾಕ್ಸ್ ಪೂರ್ತಿ ಹೋಗುವುದಿಲ್ಲ. ಆದರೆ ಮುಕ್ಕಾಲು ಭಾಗಕ್ಕೆ ಹತ್ತಿರ ಉಳಿಸಬಹುದು. ಬ್ಯಾಂಕ್ ಶೇರನ್ನು ಯುಗಾದಿಗೆ ಮುಂಚೆಯೇ ಮಾರಿ. ಕೆಮಿಕಲ್ ಶೇರನ್ನು ಮಾರುವುದಾದರೆ ಇರುವ 300ನ್ನೂ ಮಾರಿ, ಅರ್ಧಂಬರ್ಧ ಬೇಡ. ಐಟಿ ಶೇರನ್ನು ಟ್ಯಾಕ್ಸ್ ಉಳಿಸುವ ಆಸೆಯಿಂದ ಮುಟ್ಟಬೇಡಿ, ಈ ವರ್ಷ ಅದರಿಂದ ಒಂದು ರೂಪಾಯಿಯೂ ಉಳಿಯುವುದಿಲ್ಲ. ವಾಪಸ್ ತಗೊಳ್ಳಬಹುದು, ಆದರೆ ಅದೇ ದಿನ ಬೇಡ, ಮಾರನೇ ದಿನ ತಗೊಳ್ಳಿ.

ಮೂರು ಶೇರಿಗೆ ಮೂರು ಉತ್ತರ ಯಾಕೆ ಅಂದರೆ, ಅವುಗಳ ಖರೀದಿ ತಾರೀಖು ಬೇರೆ ಬೇರೆ. ಆ್ಯಪ್‌ನಲ್ಲಿ ಕಾಣುವ ಕೆಂಪು ಅಂಕಿಗೆ ತಾರೀಖು ಗೊತ್ತಿಲ್ಲ. ತೆರಿಗೆ ಲೆಕ್ಕಕ್ಕೆ ಮುಖ್ಯವಾಗಿ ಬೇಕಾಗಿರುವುದೇ ಅದು.

ಮೊದಲು ನಿಯಮ ಹೇಳಿಬಿಡುತ್ತೇನೆ. ಷೇರುಪೇಟೆಯಲ್ಲಿ ಎಸ್‌ಟಿಟಿ ಅನ್ನುವ ವ್ಯವಹಾರ ತೆರಿಗೆ ಕಟ್ಟಿ ಮಾರಿದ ಶೇರು ನಿಮ್ಮ ಹತ್ತಿರ 12 ತಿಂಗಳು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅದು ಅಲ್ಪಾವಧಿ. 12 ತಿಂಗಳು ದಾಟಿದ್ದರೆ ದೀರ್ಘಾವಧಿ. ಅಲ್ಪಾವಧಿ ಲಾಭಕ್ಕೆ ಶೇಕಡಾ 20 ತೆರಿಗೆ. ದೀರ್ಘಾವಧಿ ಲಾಭಕ್ಕೆ ವರ್ಷಕ್ಕೆ ₹1,25,000 ತನಕ ತೆರಿಗೆ ಇಲ್ಲ, ಅದರ ಮೇಲಿನದಕ್ಕೆ ಶೇಕಡಾ 12.5. ಎರಡರ ಮೇಲೂ ಶೇಕಡಾ 4 ಸೆಸ್ ಬೀಳುತ್ತದೆ. ಈ ದರಗಳು 2024ರ ಜುಲೈ 23ರಿಂದ ಜಾರಿಯಲ್ಲಿವೆ. ಈಕ್ವಿಟಿ ಮ್ಯೂಚುವಲ್ ಫಂಡ್‌ಗೂ ಇದೇ ಲೆಕ್ಕ.

ನಷ್ಟಕ್ಕೂ ಇದೇ ರೀತಿ ಎರಡು ಜಾತಿ ಇದೆ, ಮತ್ತು ಎರಡಕ್ಕೂ ಒಂದೇ ಹಕ್ಕಿಲ್ಲ. ಅಲ್ಪಾವಧಿ ನಷ್ಟವನ್ನು ಅಲ್ಪಾವಧಿ ಲಾಭದಿಂದಲೂ ಕಳೆಯಬಹುದು, ದೀರ್ಘಾವಧಿ ಲಾಭದಿಂದಲೂ ಕಳೆಯಬಹುದು. ದೀರ್ಘಾವಧಿ ನಷ್ಟವನ್ನು ದೀರ್ಘಾವಧಿ ಲಾಭದಿಂದ ಮಾತ್ರ ಕಳೆಯಬೇಕು. ಸಂಬಳ, ಬಡ್ಡಿ, ಎಫ್ ಅಂಡ್ ಓ ಲಾಭ, ಇವುಗಳಿಂದ ಎರಡನ್ನೂ ಕಳೆಯುವ ಹಾಗಿಲ್ಲ. ಹಳೇ ತೆರಿಗೆ ಪದ್ಧತಿಯಲ್ಲಿರಲಿ, ಹೊಸದರಲ್ಲಿರಲಿ, ಈ ಹೊಂದಾಣಿಕೆ ನಿಯಮ ಒಂದೇ.

ಈಗ ನಿಮ್ಮ ಕಡೆ ಬರೋಣ. ಏನೂ ಮಾಡದೆ ಸುಮ್ಮನಿದ್ದರೆ ₹1,40,000ಕ್ಕೆ ಶೇಕಡಾ 20ರಂತೆ ₹28,000, ಸೆಸ್ ಸೇರಿ ₹29,120 ಕಟ್ಟಬೇಕು. ಹೊಸ ಪದ್ಧತಿಯಲ್ಲಿ 12 ಲಕ್ಷದ ತನಕ ಟ್ಯಾಕ್ಸ್ ಇಲ್ಲ ಅನ್ನುವ ಮಾತು ಈ ಲಾಭಕ್ಕೆ ಅನ್ವಯಿಸುವುದಿಲ್ಲ. ಆ ರಿಬೇಟ್ ಇಂಥ ವಿಶೇಷ ದರದ ಆದಾಯಕ್ಕೆ ಸಿಗುವುದಿಲ್ಲ. ಫಂಡ್‌ನಿಂದ ಬಂದ ₹1,10,000 ಮಾತ್ರ ₹1,25,000ದ ಒಳಗಿದೆ, ಅದಕ್ಕೆ ತೆರಿಗೆ ಸೊನ್ನೆ. ಅಂದರೆ ನಿಮಗೆ ತೆರಿಗೆ ಬರುತ್ತಿರುವುದು ಅಲ್ಪಾವಧಿ ಲಾಭಕ್ಕೆ ಮಾತ್ರ. ಅದನ್ನು ಇಳಿಸಬೇಕಾದರೆ ಬೇಕಾಗಿರುವುದು ಅಲ್ಪಾವಧಿ ನಷ್ಟ. ಬರೀ ನಷ್ಟ ಸಾಲದು.

ಐಟಿ ಶೇರಿನಲ್ಲಿ ಇರುವುದು ಆ ಬಗೆಯ ನಷ್ಟ ಅಲ್ಲ. ನಿಮ್ಮ ಟ್ರೇಡ್‌ಬುಕ್ ಪ್ರಕಾರ 200 ಶೇರನ್ನೂ 2024ರ ಜೂನ್ 10ರಂದು ₹1,250ಕ್ಕೆ ತಗೊಂಡಿದ್ದೀರಿ. ಈಗ ₹1,000 ಇದೆ. ₹50,000 ನಷ್ಟ ನಿಜ, ಆದರೆ 12 ತಿಂಗಳು ಯಾವತ್ತೋ ದಾಟಿದೆ. ಈಗ ಮಾರಿದರೆ ಬರುವುದು ದೀರ್ಘಾವಧಿ ನಷ್ಟ. ಅದು ನಿಮ್ಮ ₹1,40,000ದ ಹತ್ತಿರಕ್ಕೂ ಹೋಗುವುದಿಲ್ಲ. ಫಂಡ್‌ನ ₹1,10,000ದಿಂದ ಕಳೆದು ಅದನ್ನು ₹60,000 ಮಾಡುತ್ತದೆ. ₹1,10,000ಕ್ಕೂ ತೆರಿಗೆ ಸೊನ್ನೆ, ₹60,000ಕ್ಕೂ ಸೊನ್ನೆ. ₹50,000ದ ನಷ್ಟ ಸುಮ್ನೆ ಖರ್ಚಾಗಿ ಹೋಗುತ್ತದೆ.

ಇಲ್ಲಿ ತುಂಬಾ ಜನ ಒಂದು ಪ್ರಶ್ನೆ ಕೇಳುತ್ತಾರೆ. "ಈ ವರ್ಷ ಕಳೆಯುವುದು ಬೇಡ ಸರ್, ಆ ನಷ್ಟವನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುತ್ತೇನೆ, ಆಗಲ್ವಾ?" ಆಗುವುದಿಲ್ಲ. ಅದೇ ವರ್ಷದಲ್ಲಿ ಹೊಂದುವ ಲಾಭ ಇದ್ದರೆ ಮೊದಲು ಅದರಿಂದ ಕಳೆಯಲೇಬೇಕು. ಉಳಿದದ್ದು ಮಾತ್ರ ಮುಂದಕ್ಕೆ ಹೋಗುತ್ತದೆ. ₹1,25,000ದ ವಿನಾಯಿತಿ ಬರುವುದು ಈ ಕಳೆಯುವಿಕೆ ಮುಗಿದ ಮೇಲೆ. ಹಾಗಾಗಿ ವಿನಾಯಿತಿಯೊಳಗೇ ಇರುವ ಲಾಭದ ಎದುರು ದೀರ್ಘಾವಧಿ ನಷ್ಟ ಬುಕ್ ಮಾಡುವುದು ಅಂದರೆ ಆ ನಷ್ಟವನ್ನು ಕಳೆದುಕೊಂಡ ಹಾಗೆಯೇ. ಹಿಂದಿನ ವರ್ಷಗಳಿಂದ ಬಂದ ಹಳೇ ನಷ್ಟಕ್ಕೂ ಇದೇ ಗತಿ.

ಐಟಿ ಶೇರನ್ನು ಇಟ್ಟುಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ಆ ಕಂಪನಿಯ ಮೇಲೆ ನಂಬಿಕೆ ಹೋಗಿದ್ದರೆ ಮಾರಿ, ಅದು ಬೇರೆ ಲೆಕ್ಕ. ನಂಬಿಕೆ ಇದ್ದು ಬರೀ ತೆರಿಗೆಗೋಸ್ಕರ ಮಾರುವುದಾದರೆ ಕಾಯಿರಿ. ಮುಂದೆ ಯಾವುದಾದರೂ ವರ್ಷ ದೀರ್ಘಾವಧಿ ಲಾಭ ₹1,25,000ಕ್ಕಿಂತ ಸಾಕಷ್ಟು ಮೇಲೆ ಹೋದಾಗ ಇದೇ ₹50,000 ನಷ್ಟ ಶೇಕಡಾ 12.5ರ ಲೆಕ್ಕದಲ್ಲಿ ಸೆಸ್ ಸೇರಿ ₹6,500 ಉಳಿಸಿಕೊಡುತ್ತದೆ. ಸೈಟ್ ಮಾರುವ ಯೋಚನೆ ಇದ್ದರೂ ನೆನಪಿಟ್ಟುಕೊಳ್ಳಿ. ಶೇರಿನ ದೀರ್ಘಾವಧಿ ನಷ್ಟವನ್ನು ಸೈಟಿನ ದೀರ್ಘಾವಧಿ ಲಾಭದಿಂದಲೂ ಕಳೆಯಬಹುದು.

ಇನ್ನು ಬ್ಯಾಂಕ್ ಶೇರು. ಇದಕ್ಕೆ ಆತುರ ಇದೆ. 500 ಶೇರು, 2025ರ ಮಾರ್ಚ್ 20ರಂದು ₹300ಕ್ಕೆ ಕೊಂಡದ್ದು, ಈಗ ₹200. ನಷ್ಟ ₹50,000. ನಾನು ಇದನ್ನು ಬರೆಯುತ್ತಿರುವುದು 2026ರ ಮಾರ್ಚ್ ಮೊದಲ ವಾರದಲ್ಲಿ. ಇವತ್ತು ಮಾರಿದರೆ ಇದು ಅಲ್ಪಾವಧಿ ನಷ್ಟ, ನೇರವಾಗಿ ₹1,40,000ದಿಂದ ಕಳೆಯುತ್ತದೆ. ನೀವು "ಮಾರ್ಚ್ 31ರೊಳಗೆ ತಾನೇ" ಅಂತ ಕೊನೇ ವಾರದ ತನಕ ಕಾದರೆ ಶೇರಿಗೆ 12 ತಿಂಗಳು ದಾಟಿಬಿಡುತ್ತದೆ. ಅದೇ ಶೇರು, ಅದೇ ಬೆಲೆ, ಅದೇ ₹50,000. ಆದರೆ ಈಗ ಅದು ದೀರ್ಘಾವಧಿ ನಷ್ಟ, ಐಟಿ ಶೇರಿನ ಹಾಗೆ ಕೆಲಸಕ್ಕೆ ಬಾರದ್ದು. ಆ ಕೆಲವು ದಿನಗಳ ತಡಕ್ಕೆ ನೀವು ಕಟ್ಟುವ ಬೆಲೆ ₹10,400. ₹50,000ಕ್ಕೆ ಶೇಕಡಾ 20, ಮೇಲೆ ಸೆಸ್.

ಲಾಭದ ಶೇರಿನಲ್ಲಿ ನಾವು 12 ತಿಂಗಳು ತುಂಬಲಿ ಅಂತ ಕಾಯುತ್ತೇವೆ, ಅಲ್ವಾ? ಅದು ಅಭ್ಯಾಸವಾಗಿ ಹೋಗಿದೆ. ನಷ್ಟದ ಶೇರಿನಲ್ಲಿ ಅದು ತಿರುಗುಮುರುಗು. ತುಂಬುವ ಮುಂಚೆಯೇ ಮಾರಬೇಕು. ಅದಕ್ಕೆ ನಷ್ಟ ಬುಕ್ ಮಾಡುವವರಿಗೆ ಮಾರ್ಚ್ 31 ಒಂದೇ ಗಡುವಲ್ಲ. ಪ್ರತಿ ಶೇರಿಗೂ ಅದರದ್ದೇ ಒಂದು ಗಡುವು ಇರುತ್ತದೆ, ಅದು ಆಗಸ್ಟ್‌ನಲ್ಲೂ ಬರಬಹುದು, ಡಿಸೆಂಬರ್‌ನಲ್ಲೂ ಬರಬಹುದು. ಮಾರ್ಚ್‌ನಲ್ಲಿ ಒಂದು ಸಲ ಕೂತು ನೋಡುವವರು ಅಷ್ಟರಲ್ಲಿ ಎಷ್ಟೋ ಅಲ್ಪಾವಧಿ ನಷ್ಟವನ್ನು ದೀರ್ಘಾವಧಿ ಮಾಡಿಕೊಂಡಿರುತ್ತಾರೆ.

ತಾರೀಖನ್ನು ಎಲ್ಲಿಂದ ಎಣಿಸಬೇಕು ಅನ್ನುವುದಕ್ಕೆ ಗೊಂದಲ ಬೇಡ. ಬ್ರೋಕರ್ ಕಳಿಸುವ ಕಾಂಟ್ರ್ಯಾಕ್ಟ್ ನೋಟ್‌ನಲ್ಲಿರುವ ವ್ಯವಹಾರದ ದಿನವೇ ಖರೀದಿ ದಿನ, ಅದರಲ್ಲಿರುವ ದಿನವೇ ಮಾರಾಟದ ದಿನ. ಶೇರು ಡಿಮ್ಯಾಟ್‌ಗೆ ಬಂದ ದಿನವನ್ನಾಗಲಿ, ದುಡ್ಡು ಬಂದ ದಿನವನ್ನಾಗಲಿ ಹಿಡಿಯಬೇಕಿಲ್ಲ. ನೇರ ತೆರಿಗೆ ಮಂಡಳಿ 1995ರ ಸುತ್ತೋಲೆಯಲ್ಲೇ ಇದನ್ನು ಸ್ಪಷ್ಟ ಮಾಡಿದೆ. ನಿಮ್ಮ ಬ್ಯಾಂಕ್ ಶೇರಿಗೆ ಮಾರ್ಚ್ 19ಕ್ಕೆ 12 ತಿಂಗಳು ತುಂಬುತ್ತದೆ. ಈ ಸಲ ಯುಗಾದಿಯೂ ಅದೇ ದಿನ. 19ಕ್ಕೆ ಮಾರಬಹುದಾ, 20ಕ್ಕೆ ಮಾರಬಹುದಾ ಅಂತ ದಿನ ಎಣಿಸುವ ಜಗಳಕ್ಕೆ ಹೋಗಲೇಬೇಡಿ. ಹಬ್ಬದ ಸಾಮಾನು ತರುವ ಮುಂಚೆ ಈ ಕೆಲಸ ಮುಗಿಸಿ.

ಕೆಮಿಕಲ್ ಶೇರಿನಲ್ಲಿ ವಿಷಯ ಸ್ವಲ್ಪ ಆಳ ಇದೆ. ಹೋಲ್ಡಿಂಗ್ ಪುಟದಲ್ಲಿ 300 ಶೇರು, ಸರಾಸರಿ ₹600, ಇವತ್ತಿನ ಬೆಲೆ ₹450, ನಷ್ಟ ₹45,000 ಅಂತಿದೆ. ಅದನ್ನು ನೋಡಿದರೆ ಪ್ರತಿ ಶೇರಿಗೂ ₹150 ನಷ್ಟ ಅನ್ನಿಸುತ್ತದೆ. ಟ್ರೇಡ್‌ಬುಕ್ ತೆರೆದರೆ ಬೇರೆಯೇ ಕಾಣುತ್ತದೆ. 2024ರ ಆಗಸ್ಟ್ 12ರಂದು 100 ಶೇರು ₹400ಕ್ಕೆ ತಗೊಂಡಿದ್ದೀರಿ. 2025ರ ಸೆಪ್ಟೆಂಬರ್ 16ರಂದು ಮತ್ತೆ 200 ಶೇರು ₹700ಕ್ಕೆ. ಎರಡನ್ನೂ ಕಲಸಿ ಆ್ಯಪ್ ₹600 ಅಂತ ತೋರಿಸುತ್ತಿದೆ.

ತೆರಿಗೆಗೆ ಸರಾಸರಿ ನಡೆಯುವುದಿಲ್ಲ. ಡಿಮ್ಯಾಟ್‌ನಲ್ಲಿರುವ ಶೇರಿಗೆ ಫಿಫೊ ನಿಯಮ ಇದೆ: ಮೊದಲು ಬಂದದ್ದು ಮೊದಲು ಹೋಗುತ್ತದೆ. 1998ರ ಸುತ್ತೋಲೆಯಲ್ಲಿ ಇದನ್ನು ವಿವರಿಸಿದ್ದಾರೆ. ಹೊಸ 200ನ್ನು ಮಾರುತ್ತೇನೆ, ಹಳೇ 100 ಇರಲಿ ಅಂತ ನೀವು ಆರಿಸುವ ಹಾಗಿಲ್ಲ. ನೀವು 100 ಶೇರು ಮಾರಿದರೆ ಹೋಗುವುದು ಆ ಹಳೇ 100. ₹400ಕ್ಕೆ ಕೊಂಡು ₹450ಕ್ಕೆ ಮಾರಿದ ಹಾಗೆ. ಅಂದರೆ ₹15,000 ನಷ್ಟ ಬುಕ್ ಮಾಡಿದೆ ಅಂದುಕೊಂಡು ನೀವು ಮಾಡಿರುವುದು ₹5,000 ದೀರ್ಘಾವಧಿ ಲಾಭ! ಜುಲೈನಲ್ಲಿ ರಿಟರ್ನ್ ತುಂಬುವಾಗ ಇದು ಗೊತ್ತಾದರೆ ಏನೂ ಮಾಡಲಾಗುವುದಿಲ್ಲ.

300ನ್ನೂ ಮಾರಿದರೆ ಚಿತ್ರ ಪೂರ್ತಿ ಬದಲಾಗುತ್ತದೆ. ಹಳೇ 100ರಿಂದ ₹5,000 ದೀರ್ಘಾವಧಿ ಲಾಭ. ಹೊಸ 200ರಿಂದ ಶೇರಿಗೆ ₹250ರಂತೆ ₹50,000 ಅಲ್ಪಾವಧಿ ನಷ್ಟ. ಆ ₹5,000 ಫಂಡ್ ಲಾಭಕ್ಕೆ ಸೇರಿ ₹1,15,000 ಆಗುತ್ತದೆ, ಇನ್ನೂ ₹1,25,000ದ ಒಳಗೇ ಇದೆ, ತೆರಿಗೆ ಇಲ್ಲ. ₹50,000 ಪೂರ್ತಿಯಾಗಿ ನಿಮ್ಮ ಅಲ್ಪಾವಧಿ ಲಾಭದಿಂದ ಕಳೆಯುತ್ತದೆ. ಆ್ಯಪ್ ತೋರಿಸಿದ್ದಕ್ಕಿಂತ ₹5,000 ಜಾಸ್ತಿ ನಷ್ಟ ನಿಮ್ಮ ಉಪಯೋಗಕ್ಕೆ ಬಂತು.

ನಿಮ್ಮ ಹಳೇ ಲಾಟ್‌ನಲ್ಲಿ ಲಾಭ ಚಿಕ್ಕದಿತ್ತು, ಹಾಗಾಗಿ ಇದು ಹೊಂದಿತು. ಕೆಲವರಿಗೆ ಆ ಹಳೇ ಲಾಟೇ ಐದಾರು ಪಟ್ಟು ಬೆಳೆದಿರುತ್ತದೆ. ಹೊಸ ಲಾಟ್‌ನ ನಷ್ಟ ಮುಟ್ಟಬೇಕಾದರೆ ಅದನ್ನು ಮಾರಿ ದೊಡ್ಡ ಲಾಭ ಬುಕ್ ಮಾಡಬೇಕಾಗುತ್ತದೆ. ಅಂಥ ಕಡೆ ಲೆಕ್ಕ ಹಾಕದೆ ಮಾರುವ ಗುಂಡಿ ಒತ್ತಬಾರದು. ಇನ್ನೊಂದು ಮಾತು, ಫಿಫೊ ಪ್ರತಿ ಡಿಮ್ಯಾಟ್ ಖಾತೆಗೂ ಬೇರೆ ಬೇರೆ. ನಿಮಗೆ ಎರಡು ಖಾತೆ ಇದ್ದು ಹೊಸ ಖರೀದಿ ಎರಡನೇ ಖಾತೆಯಲ್ಲಿದ್ದರೆ, ಆ ಖಾತೆಯಿಂದ ಮಾರಿದಾಗ ಮೊದಲನೇ ಖಾತೆಯ ಹಳೇ ಶೇರು ಅಲುಗುವುದಿಲ್ಲ.

ಹಾಗಾದರೆ ಈ ವಿವರ ಸಿಗುವುದು ಯಾವ ಕಾಗದದಲ್ಲಿ? ಡಿಪಾಸಿಟರಿಯಿಂದ ತಿಂಗಳು ತಿಂಗಳು ಇಮೇಲ್‌ಗೆ ಬರುವ ಒಟ್ಟು ಸ್ಟೇಟ್‌ಮೆಂಟ್ ಸಾಲದು. ಶೇರಿನ ಮಟ್ಟಿಗೆ ಅದರಲ್ಲಿ ಎಷ್ಟು ಶೇರು ಇದೆ, ಇವತ್ತಿನ ಬೆಲೆ ಎಷ್ಟು ಅಂತ ಇರುತ್ತದೆ, ನೀವು ಎಷ್ಟಕ್ಕೆ ಕೊಂಡಿರಿ ಅನ್ನುವುದು ಇರುವುದಿಲ್ಲ. ಬ್ರೋಕರ್ ಆ್ಯಪ್‌ನ ಹೋಲ್ಡಿಂಗ್ ಪುಟದಲ್ಲಿ ಸರಾಸರಿ ಬೆಲೆ ಇರುತ್ತದೆ, ತಾರೀಖು ಇರುವುದಿಲ್ಲ. ಕೆಲವು ಆ್ಯಪ್‌ಗಳಲ್ಲಿ ಶೇರಿನ ಹೆಸರಿನ ಮೇಲೆ ಒತ್ತಿದರೆ ಒಂದೊಂದು ಖರೀದಿಯೂ ಬೇರೆ ಬೇರೆ ಸಾಲಾಗಿ ಬಿಚ್ಚಿಕೊಳ್ಳುತ್ತದೆ. ಅದಿಲ್ಲದಿದ್ದರೆ ನೀವು ಮಾಡಿದ ಹಾಗೆ ಟ್ರೇಡ್‌ಬುಕ್ ಇಳಿಸಿಕೊಳ್ಳಬೇಕು. ಒಂದು ಹಾಳೆಯಲ್ಲಿ ತಾರೀಖು, ಸಂಖ್ಯೆ, ಬೆಲೆ ಹಳೆಯದರಿಂದ ಹೊಸದಕ್ಕೆ ಬರೆಯಿರಿ. ಮಧ್ಯೆ ಮಾರಿದ್ದನ್ನು ಮೇಲಿನಿಂದ ಹೊಡೆದು ಹಾಕುತ್ತಾ ಬನ್ನಿ. ಉಳಿದ ಶೇರುಗಳ ಮೊತ್ತ ಹೋಲ್ಡಿಂಗ್‌ಗೆ ತಾಳೆ ಆದರೆ ನಿಮ್ಮ ಪಟ್ಟಿ ಸರಿ ಇದೆ. ತಾಳೆ ಆಗದಿದ್ದರೆ ಬಹುಪಾಲು ಕಾರಣ ಬೋನಸ್, ಸ್ಪ್ಲಿಟ್, ಇಲ್ಲವೇ ಬೇರೆ ಬ್ರೋಕರ್‌ನಿಂದ ವರ್ಗ ಮಾಡಿದ ಶೇರು. ವರ್ಗ ಮಾಡಿದ ಶೇರಿಗೆ ಹೊಸ ಬ್ರೋಕರ್ ಕಡೆ ಖರೀದಿ ಬೆಲೆ ಖಾಲಿ ಇರಬಹುದು, ಇಲ್ಲವೇ ವರ್ಗವಾದ ದಿನದ್ದು ಕೂತಿರಬಹುದು. ಹಳೇ ಕಾಂಟ್ರ್ಯಾಕ್ಟ್ ನೋಟ್ ನೋಡಿ ಮೂಲ ತಾರೀಖನ್ನೇ ಹಿಡಿಯಬೇಕು.

ಬೋನಸ್ ಬಗ್ಗೆ ಇಲ್ಲೇ ಎಚ್ಚರಿಸುತ್ತೇನೆ. 1ಕ್ಕೆ 1 ಬೋನಸ್ ಬಂದ ದಿನ ಶೇರಿನ ಬೆಲೆ ಸುಮಾರು ಅರ್ಧ ಆಗುತ್ತದೆ. ಮೂಲ ಶೇರಿನ ಖರೀದಿ ಬೆಲೆ ತೆರಿಗೆ ಲೆಕ್ಕದಲ್ಲಿ ಹಾಗೇ ಇರುತ್ತದೆ, ಬೋನಸ್ ಶೇರಿನ ಖರೀದಿ ಬೆಲೆ ಸೊನ್ನೆ. ಮೂಲ ಶೇರು ಮಾರಿದರೆ ದೊಡ್ಡ ನಷ್ಟ ಕಾಣುತ್ತದೆ. ಇದನ್ನೇ ಉಪಾಯ ಮಾಡಿಕೊಂಡವರಿಗಾಗಿ ಕಾನೂನು ಬಾಗಿಲು ಹಾಕಿದೆ. ಬೋನಸ್‌ನ ರೆಕಾರ್ಡ್ ದಿನಕ್ಕೆ ಹಿಂದಿನ 3 ತಿಂಗಳೊಳಗೆ ಶೇರು ಕೊಂಡು, ಆ ದಿನದ ನಂತರ 9 ತಿಂಗಳೊಳಗೆ ಮೂಲ ಶೇರು ಮಾರಿ, ಬೋನಸ್ ಶೇರು ಇಟ್ಟುಕೊಂಡರೆ ಆ ನಷ್ಟವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಬೋನಸ್ ಶೇರಿನ ಖರೀದಿ ಬೆಲೆಗೆ ಸೇರುತ್ತದೆ. ನಿಮ್ಮ ಮೂರರಲ್ಲಿ ಬೋನಸ್ ಯಾವುದಕ್ಕೂ ಬಂದಿಲ್ಲ, ನೋಡಿದ್ದೇನೆ.

ಈಗ ವಾಪಸ್ ಕೊಳ್ಳುವ ವಿಷಯ. ಬ್ಯಾಂಕ್ ಶೇರನ್ನು ಬೆಳಗ್ಗೆ ಮಾರಿ ಮಧ್ಯಾಹ್ನ ಅದೇ ಷೇರುಪೇಟೆಯಲ್ಲಿ ಕೊಂಡರೆ ಎರಡೂ ಒಂದಕ್ಕೊಂದು ವಜಾ ಆಗುತ್ತವೆ. ನಿಮ್ಮ ಡಿಮ್ಯಾಟ್‌ನಿಂದ ಶೇರು ಹೊರಗೆ ಹೋಗುವುದೇ ಇಲ್ಲ. ಅದು ಇಂಟ್ರಾಡೇ ಆಯಿತು. ₹300ಕ್ಕೆ ಕೊಂಡ ಶೇರು ಇನ್ನೂ ನಿಮ್ಮ ಹತ್ತಿರವೇ ಇದೆ, ₹50,000 ನಷ್ಟ ಬುಕ್ ಆಗಿಲ್ಲ. ಬೆಳಗಿನ ಮತ್ತು ಮಧ್ಯಾಹ್ನದ ಬೆಲೆಯ ಚಿಕ್ಕ ವ್ಯತ್ಯಾಸ ಮಾತ್ರ ಸ್ಪೆಕ್ಯುಲೇಷನ್ ಲೆಕ್ಕಕ್ಕೆ ಹೋಗುತ್ತದೆ. ಅಲ್ಲಿ ನಷ್ಟ ಬಂದರೂ ಅದನ್ನು ಶೇರಿನ ಬಂಡವಾಳ ಲಾಭದಿಂದ ಕಳೆಯುವ ಹಾಗಿಲ್ಲ. ಕೆಲಸ ಆಯಿತು ಅಂದುಕೊಂಡು ಯುಗಾದಿ ದಾಟಿಸಿಬಿಟ್ಟರೆ ಗಡುವೂ ಹೋಯಿತು.

ಮಾರಿದ ಮಾರನೇ ದಿನ ಕೊಂಡರೆ ಈ ತೊಂದರೆ ಇಲ್ಲ. ಮಾರಿದ ಶೇರು ಒಂದು ವ್ಯವಹಾರದ ದಿನ ಕಳೆದು ಸೆಟಲ್ ಆಗುತ್ತದೆ, ಮಾರನೇ ದಿನದ ಖರೀದಿ ಬೇರೆಯ ಸೆಟಲ್‌ಮೆಂಟ್. ಅಮೆರಿಕದಲ್ಲಿರುವ ನಮ್ಮವರು 30 ದಿನ ಕಾಯಬೇಕು ಅನ್ನುತ್ತಾರೆ. ಅದು ಅಲ್ಲಿಯ ಕಾನೂನು. ನಮ್ಮಲ್ಲಿ ಶೇರಿಗೆ ಹಾಗೆ ದಿನ ಎಣಿಸುವ ನಿಯಮ ಇಲ್ಲ. ಪೇಟೆಯಲ್ಲಿ, ಪೇಟೆಯ ಬೆಲೆಗೆ, ಡೆಲಿವರಿ ಆಗುವ ಹಾಗೆ ಮಾರಿರಬೇಕು, ಅಷ್ಟೇ.

ಆ ಒಂದು ರಾತ್ರಿಯಲ್ಲಿ ಬೆಲೆ ಏರಿಬಿಟ್ಟರೆ ಅನ್ನುವ ಭಯ ಇದ್ದೇ ಇರುತ್ತದೆ. ಕೈಯಲ್ಲಿ ದುಡ್ಡಿದ್ದರೆ ಉಲ್ಟಾ ಮಾಡಿ. ಮೊದಲು ಅಷ್ಟೇ ಶೇರು ಹೊಸದಾಗಿ ಕೊಳ್ಳಿ, ಅದು ಡಿಮ್ಯಾಟ್‌ಗೆ ಬಂದ ಮೇಲೆ ಮಾರಿ. ಫಿಫೊ ಪ್ರಕಾರ ಹೋಗುವುದು ಹಳೇ ಶೇರು, ಉಳಿಯುವುದು ಹೊಸದು. ಬ್ಯಾಂಕ್ ಶೇರಿಗೆ ಇದಕ್ಕೆ ₹1,00,000 ಎರಡು ಮೂರು ದಿನ ಬೇಕಾಗುತ್ತದೆ. ಗಡುವು ಹತ್ತಿರ ಇರುವುದರಿಂದ ಆ ದಿನಗಳನ್ನೂ ಲೆಕ್ಕಕ್ಕೆ ಹಿಡಿಯಿರಿ.

ಎರಡನ್ನೂ ಮಾರಿದ ಮೇಲೆ ಲೆಕ್ಕ ಹೀಗೆ ನಿಲ್ಲುತ್ತದೆ. ಅಲ್ಪಾವಧಿ ಲಾಭ ₹1,40,000, ಅದರಲ್ಲಿ ಬ್ಯಾಂಕ್‌ನ ₹50,000 ಮತ್ತು ಕೆಮಿಕಲ್‌ನ ₹50,000 ಕಳೆದರೆ ಉಳಿಯುವುದು ₹40,000. ಅದಕ್ಕೆ ತೆರಿಗೆ ₹8,000, ಸೆಸ್ ಸೇರಿ ₹8,320. ಮೊದಲಿದ್ದ ₹29,120ಕ್ಕೆ ಹೋಲಿಸಿದರೆ ₹20,800 ಉಳಿತಾಯ. ಇದರ ಜೊತೆಗೆ ಇನ್ನೊಂದು ಅನುಕೂಲ ಇದೆ. ಸಂಬಳಕ್ಕೆ ಟಿಡಿಎಸ್ ಪೂರ್ತಿ ಕಟಾವಾಗಿದ್ದರೆ, ವರ್ಷಕ್ಕೆ ಉಳಿದ ತೆರಿಗೆ ₹10,000ಕ್ಕಿಂತ ಕಡಿಮೆ ಆದಾಗ ಮುಂಗಡ ತೆರಿಗೆ ಕಟ್ಟಬೇಕಿಲ್ಲ. ₹29,120 ಇದ್ದಿದ್ದರೆ ಮಾರ್ಚ್ 15ರೊಳಗೆ ಕಟ್ಟಬೇಕಿತ್ತು, ಇಲ್ಲದಿದ್ದರೆ ಬಡ್ಡಿ. ₹8,320 ಆದರೆ ರಿಟರ್ನ್ ಜೊತೆ ಕಟ್ಟಿದರೆ ಸಾಕು.

ಖರ್ಚು ಎಷ್ಟು ಅಂದರೆ, ಮಾರಾಟದ ಮೊತ್ತ ಒಟ್ಟು ₹2,35,000. ಎಸ್‌ಟಿಟಿ ಶೇಕಡಾ 0.1ರಂತೆ ಮಾರುವಾಗ ₹235, ಅದೇ ಬೆಲೆಗೆ ವಾಪಸ್ ಕೊಳ್ಳುವಾಗ ₹235. ಕೊಳ್ಳುವಾಗ ಸ್ಟ್ಯಾಂಪ್ ಡ್ಯೂಟಿ ಸುಮಾರು ₹35. ಅದರ ಮೇಲೆ ಬ್ರೋಕರೇಜ್, ಡಿಮ್ಯಾಟ್ ಶುಲ್ಕ. ₹20,800ರ ಎದುರು ಇದು ಚಿಕ್ಕದು. ಆದರೆ ₹3,000 ನಷ್ಟಕ್ಕೋಸ್ಕರ ದೊಡ್ಡ ಮೊತ್ತದ ಶೇರು ಮಾರಿ ಕೊಳ್ಳುವವರಿಗೆ ಇದೇ ಖರ್ಚು ಭಾರ ಆಗುತ್ತದೆ. ಎಸ್‌ಟಿಟಿಯನ್ನು ಲಾಭದ ಲೆಕ್ಕದಲ್ಲಿ ಕಳೆಯುವುದಕ್ಕೂ ಬಿಡುವುದಿಲ್ಲ.

ಉಳಿತಾಯವಾದ ₹20,800ರ ಒಂದು ಭಾಗ ಮುಂದೆ ವಾಪಸ್ ಹೋಗಬಹುದು, ಅದನ್ನೂ ತಿಳಿದಿರಿ. ಬ್ಯಾಂಕ್ ಶೇರನ್ನು ₹200ಕ್ಕೆ ವಾಪಸ್ ಕೊಂಡರೆ ಇನ್ನು ಮುಂದೆ ನಿಮ್ಮ ಖರೀದಿ ಬೆಲೆ ₹200, ಖರೀದಿ ದಿನ ಆ ಹೊಸ ದಿನ. ಬೆಲೆ ₹300ಕ್ಕೆ ಮರಳಿದಾಗ ಮಾರಿದರೆ ₹50,000 ಲಾಭ ಲೆಕ್ಕಕ್ಕೆ ಬರುತ್ತದೆ. ಹೊಸ 12 ತಿಂಗಳು ದಾಟಿಸಿ ಮಾರಿದರೆ ಅದು ದೀರ್ಘಾವಧಿ, ₹1,25,000ದೊಳಗೆ ಇದ್ದರೆ ತೆರಿಗೆಯೇ ಇಲ್ಲ. ಆಗ ನಿಮಗೆ ನಿಜವಾದ ಉಳಿತಾಯ. ನಾಲ್ಕೈದು ತಿಂಗಳಿಗೇ ಮಾರಿದರೆ ಮತ್ತೆ ಶೇಕಡಾ 20 ಕಟ್ಟುತ್ತೀರಿ, ತೆರಿಗೆ ಒಂದು ವರ್ಷ ಮುಂದೆ ಹೋಯಿತು ಅಷ್ಟೇ. ಅದಕ್ಕೆ ವಾಪಸ್ ಕೊಳ್ಳುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ. ಈ ಶೇರು ನನ್ನ ಹತ್ತಿರ ಇಲ್ಲದೇ ಇದ್ದಿದ್ದರೆ ಇವತ್ತಿನ ಬೆಲೆಗೆ ಕೊಳ್ಳುತ್ತಿದ್ದೆನಾ? ಕೆಮಿಕಲ್ ಶೇರಿನ ವಿಷಯದಲ್ಲಿ ನಿಮ್ಮ ಪತ್ರ ಓದಿದರೆ ನಿಮಗೇ ಅಷ್ಟು ಮನಸ್ಸಿದ್ದ ಹಾಗೆ ಕಾಣಲಿಲ್ಲ. ಮನಸ್ಸಿಲ್ಲದಿದ್ದರೆ ಮಾರಿ ಸುಮ್ಮನಿರಿ.

ಕೆಮಿಕಲ್ ಶೇರಿಗೆ ಸಮಯ ಇದೆ, ಆದರೂ ಕೊನೇ ದಿನದ ತನಕ ಎಳೆಯಬೇಡಿ. 2026ರ ಮಾರ್ಚ್ 31 ಮಹಾವೀರ ಜಯಂತಿ, ಪೇಟೆಗೆ ರಜೆ. ಕೊನೆಯ ವ್ಯವಹಾರದ ದಿನ ಮಾರ್ಚ್ 30. 2024ರಲ್ಲೂ 2025ರಲ್ಲೂ ಅದು ಮಾರ್ಚ್ 28ಕ್ಕೇ ಮುಗಿದಿತ್ತು, 31ರ ನಂಬಿಕೆಯಲ್ಲಿ ಕೂತವರಿಗೆ ಆಗ ದಾರಿ ಇರಲಿಲ್ಲ. 30ಕ್ಕೆ ಮಾರಿದರೂ ತೆರಿಗೆಗೆ ಅದು ಇದೇ ವರ್ಷದ ವ್ಯವಹಾರ. ಆದರೆ ಶೇರು ಡಿಮ್ಯಾಟ್‌ನಿಂದ ಹೋಗುವುದು ಏಪ್ರಿಲ್‌ನಲ್ಲಿ. ಹಾಗಾಗಿ ತೆರಿಗೆ ಇಲಾಖೆ ಇಡುವ ನಿಮ್ಮ ವ್ಯವಹಾರಗಳ ಪಟ್ಟಿಯಾದ ಎಐಎಸ್‌ನಲ್ಲಿ ಅದು ಮುಂದಿನ ವರ್ಷದ ಸಾಲಿನಲ್ಲಿ ಕಾಣಿಸಿಕೊಳ್ಳಬಹುದು. ಕಾಂಟ್ರ್ಯಾಕ್ಟ್ ನೋಟ್ ತೋರಿಸಿ ವಿವರಿಸಬಹುದು, ಆದರೆ ಆ ತಲೆನೋವು ಯಾಕೆ? ತಿಂಗಳ ಮೂರನೇ ವಾರದೊಳಗೆ ಮುಗಿಸಿ.

ಮಾರಿದ ಮೇಲೆ ಒಂದೆರಡು ದಿನ ಬಿಟ್ಟು ಬ್ರೋಕರ್ ಕೊಡುವ ಟ್ಯಾಕ್ಸ್ ಲಾಭ-ನಷ್ಟದ ವರದಿ ತೆಗೆಯಿರಿ. ಅಲ್ಪಾವಧಿ ಕಾಲಂನಲ್ಲಿ ಬ್ಯಾಂಕ್ ₹50,000 ನಷ್ಟ, ಕೆಮಿಕಲ್ ₹50,000 ನಷ್ಟ, ದೀರ್ಘಾವಧಿ ಕಾಲಂನಲ್ಲಿ ಕೆಮಿಕಲ್ ₹5,000 ಲಾಭ ಕಾಣಬೇಕು. ಮಾರಿದ ಬೆಲೆಗೆ ತಕ್ಕಂತೆ ಅಂಕಿ ಆಚೀಚೆ ಆಗಬಹುದು, ಕಾಲಂ ಬದಲಾಗಬಾರದು. ಇಂಟ್ರಾಡೇ ಕಾಲಂನಲ್ಲಿ ಏನಾದರೂ ಕಂಡರೆ ಎಲ್ಲೋ ಅದೇ ದಿನ ಖರೀದಿ ಆಗಿದೆ ಅಂತ ಅರ್ಥ. ಮಾರ್ಚ್ 19ಕ್ಕೆ ಮುಂಚೆ ನೋಡಿದರೆ ಸರಿಪಡಿಸಲು ಇನ್ನೂ ಒಂದು ಅವಕಾಶ ಇರುತ್ತದೆ.

ರಿಟರ್ನ್ ನೀವು ಐಟಿಆರ್-2ರಲ್ಲಿ ತುಂಬಬೇಕು, ಜುಲೈ 31ರೊಳಗೆ. ನಿಮ್ಮ ಲೆಕ್ಕದಲ್ಲಿ ನಷ್ಟ ಪೂರ್ತಿ ಇದೇ ವರ್ಷ ಮುಗಿಯುತ್ತದೆ, ಮುಂದಕ್ಕೆ ಒಯ್ಯುವುದಕ್ಕೆ ಏನೂ ಉಳಿಯುವುದಿಲ್ಲ. ಮಾರ್ಚ್‌ನೊಳಗೆ ಬೇರೆ ನಷ್ಟವೂ ಬುಕ್ ಆಗಿ ಲಾಭಕ್ಕಿಂತ ಹೆಚ್ಚಾದರೆ, ಉಳಿದದ್ದನ್ನು ಮುಂದಿನ 8 ವರ್ಷ ಒಯ್ಯಬಹುದು. ರಿಟರ್ನ್ ಒಂದು ದಿನ ತಡವಾದರೂ ಆ ಹಕ್ಕು ಹೋಗುತ್ತದೆ.